ಸಹಾಯ ಬೇಕು: ಅಪ್ಪನಿಗೆ ಬರೆದ ಈ ಪತ್ರ ಓದಿ ಹೇಳಿ

ಬಾಗಲಕೋಟೆಯಲ್ಲಿರುವ ಅಪ್ಪ ನೋಡಿದ ಎರಡು ಕಾರುಗಳಲ್ಲಿ 80 ಸಾವಿರ ಉಳಿಯುತ್ತದೆಂದು ಅಗ್ಗದ ಕಾರಿಗೆ ಸೋಮವಾರ ಮುಂಗಡ ಕೊಡಲಿದ್ದಾರೆ. ಹೀಗೆ ಬರೆದಿದ್ದೇನೆ:

"ಅಪ್ಪಾ, ಎರಡರಲ್ಲೂ ಏರ್‌ಬ್ಯಾಗ್ ಇವೆಯಲ್ಲ ಎಂದಿರಿ. ಆದರೆ ಗಂಟೆಗೆ 64 ಕಿ.ಮೀ. ವೇಗದ ಡಿಕ್ಕಿ ಪರೀಕ್ಷೆಯಲ್ಲಿ ಅಗ್ಗದ ಕಾರಿನ ಚೌಕಟ್ಟು 'ಅಸ್ಥಿರ' ಎಂದು ವರದಿಯಾಗಿದೆ. ಅಂದರೆ ನಾವು ಕೂರುವ ಗೂಡು ಇನ್ನಷ್ಟು ಹೊಡೆತ ತಾಳದು. ಪೆಡಲ್‌ಗಳು ಒಳನುಗ್ಗಿದರೆ ಮುಂದಿನ ಏರ್‌ಬ್ಯಾಗ್ ನಿಮ್ಮ ಕಾಲುಗಳನ್ನು ಕಾಯುವುದಿಲ್ಲ.

ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಮುಧೋಳದಿಂದ ಬರುತ್ತೀರಿ. ಹಿಂಬದಿ ದೀಪವಿಲ್ಲದ ಟ್ರೇಲರ್ ಕಂಡು ತಟ್ಟನೆ ಸ್ಟೇರಿಂಗ್ ತಿರುಗಿಸಿದಾಗ, ಪ್ರತಿ ಚಕ್ರಕ್ಕೂ ಬೇರೆ ಬೇರೆ ಬ್ರೇಕ್ ಹಾಕಿ ಕಾರು ಜಾರದಂತೆ ಹಿಡಿಯುವ ಇಎಸ್‌ಸಿ ಎಂಬ ವ್ಯವಸ್ಥೆ ಇನ್ನೊಂದು ಕಾರಿನಲ್ಲಿದೆ. ಟ್ರೇಲರ್ ಅಡಿಗೇ ನುಗ್ಗಿದರೆ ಡಿಕ್ಕಿ ಪರೀಕ್ಷೆಯ ಯಾವ ಸ್ಟಾರ್ ರೇಟಿಂಗ್ ಕೂಡ ಸಾಲದು. ಅದಕ್ಕೇ ಇಎಸ್‌ಸಿ ಬೇಕು. ವ್ಯತ್ಯಾಸದ ಹಣ ನಾನು ಕೊಡುತ್ತೇನೆ."

ಅವರಿಗೆ ಮನದಟ್ಟಾಗುವಂತಿದೆಯೇ? ಇಎಸ್‌ಸಿಯನ್ನು ಇನ್ನೂ ಸರಳವಾಗಿ ಹೇಗೆ ವಿವರಿಸಲಿ?