ಪದಚರ್ಚೆ: ನೆಸ್ಟೆಡ್‌ನೆಸ್‌ಗೆ ಏನನ್ನೋಣ? ನಾಳೆ ಸಂಜೆ ಬೋರ್ಡ್ ಪ್ರಿಂಟ್‌ಗೆ ಹೋಗುತ್ತೆ

ಸುಮಾ:
ಎಲ್ಲರಿಗೂ ನಮಸ್ಕಾರ. ಹೂಗಿಡಗಳು ಮತ್ತು ಅವುಗಳ ಪರಾಗ ಹೊತ್ತೊಯ್ಯುವ ಕೀಟಗಳ ನಂಟಿನ ಬಗ್ಗೆ ಒಂದು ಪ್ರದರ್ಶನಕ್ಕೆ ಬೋರ್ಡ್ ಅನುವಾದಿಸುತ್ತಿದ್ದೇನೆ. ನೆಸ್ಟೆಡ್‌ನೆಸ್, ಕನೆಕ್ಟೆನ್ಸ್, ರೋಬಸ್ಟ್‌ನೆಸ್, ಈ ಮೂರರಲ್ಲಿ ಸಿಕ್ಕಿಕೊಂಡಿದ್ದೇನೆ. ಕೈಗೆ ಬಂದ ಕರಡಿನಲ್ಲಿ ಒಂದು ವಾಕ್ಯ ಹೀಗಿದೆ: “ಗೂಡುಗಟ್ಟುವಿಕೆ ಮತ್ತು ಸಂಪರ್ಕತೆ ಹೆಚ್ಚಿರುವ ಜಾಲವು ಪ್ರಭೇದಗಳು ನಶಿಸಿದರೂ ಸದೃಢವಾಗಿರುತ್ತದೆ.” ಜೇನುನೊಣದ ಚಿತ್ರದ ಕೆಳಗೇ ಗೂಡುಗಟ್ಟುವಿಕೆ ಅಂತ ಬರೆದರೆ ಓದುವವರು ಏನಂದುಕೊಳ್ಳುತ್ತಾರೆ, ನೀವೇ ಹೇಳಿ!

ರಂಗನಾಥ:
‘ಸಂಪರ್ಕತೆ’ ಪದವೇ ಅಲ್ಲ. ಸಂಪರ್ಕ ಆಗಲೇ ನಾಮಪದ, ಅದಕ್ಕೆ ‘ತೆ’ ಬಾಲ ಯಾಕೆ? ‘ಸದೃಢ’ವೂ ಬೇಡ, ‘ತಾಳಿಕೆ’ ಇದೆ. ಮೊದಲನೆಯದಕ್ಕೆ ‘ಒಳಗೂಡಿಕೆ’. ಹಕ್ಕಿಗೂಡಿಗೂ ಇದಕ್ಕೂ ಸಂಬಂಧವಿಲ್ಲ. ಒಳ, ಕೂಡಿಕೆ ಎರಡೂ ಸೇರಿದಾಗ ಕ ಹೋಗಿ ಗ ಬಂದಿದೆ, ಅಷ್ಟೇ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಗಿರೀಶ:
ಇದು ನಮಗೆ ದಿನಾ ಬರುವ ಪದ. ಒಂದು ಲೂಪಿನೊಳಗೆ ಇನ್ನೊಂದು ಲೂಪ್ ಹಾಕಿದರೆ ನೆಸ್ಟೆಡ್ ಲೂಪ್. ನಾನು ಮಕ್ಕಳಿಗೆ ಕೋಡಿಂಗ್ ಪಾಠ ಬರೆದಾಗ ‘ಒಳಲೂಪ್’ ಅಂತ ಹಾಕಿದ್ದೆ, ಎಲ್ಲರಿಗೂ ಅರ್ಥ ಆಯ್ತು. ಹಾಗಾದರೆ ಇಲ್ಲಿ ‘ಒಳಜಾಲ’ ಅಲ್ವಾ? ದೊಡ್ಡ ಜಾಲದೊಳಗೆ ಚಿಕ್ಕ ಜಾಲ.

ಮಾಲತಿ:
ಗಿರೀಶ್, ಒಳಜಾಲ ಅಂದರೆ ಅರ್ಥವೇ ತಿರುಗಿಬಿಡುತ್ತೆ. ತಮ್ಮತಮ್ಮಲ್ಲೇ ನಂಟು ಇಟ್ಟುಕೊಂಡ ಗುಂಪುಗಳಿಗೆ ಆ ಮಾತು ಹೊಂದುತ್ತೆ, ಅದನ್ನು ಬೇರೆ ಅಳತೆಯಲ್ಲೇ ಅಳೆಯುತ್ತಾರೆ. ಇಲ್ಲಿ ಒಳಗಿರುವುದು ಜಾಲ ಅಲ್ಲ, ಅತಿಥಿಗಳ ಪಟ್ಟಿ. ನಾಲ್ಕು ಗಿಡ, ನಾಲ್ಕು ಕೀಟ ಇಟ್ಟುಕೊಳ್ಳಿ. ಯಾವ ಗಿಡದ ಹೂವಿಗೆ ಯಾವ ಕೀಟ ಬರುತ್ತೆ ಅಂತ ಬರೆದೆವು:

ಅ : 1 2 3 4
ಬ : 1 2 3
ಕ : 1 2
ಡ : 1

ಚಿಕ್ಕ ಪಟ್ಟಿಯಲ್ಲಿ ಇರುವವರೆಲ್ಲ ದೊಡ್ಡ ಪಟ್ಟಿಯಲ್ಲೂ ಇದ್ದಾರೆ. ನೆಸ್ಟೆಡ್‌ನೆಸ್ ಅಂದರೆ ಇದು. ಒಬ್ಬರೇ ಅತಿಥಿ ಇರುವ ಡ ಗಿಡವನ್ನು ನೋಡಿ. ಅದರ ಅತಿಥಿ ಎಲ್ಲರ ಮನೆಗೂ ಹೋಗುವ 1ನೇ ಕೀಟ. ಒಂದೇ ಹೂವಿಗೆ ಹೋಗುವ 4ನೇ ಕೀಟವೂ ಹಾಗೇ, ಎಲ್ಲರನ್ನೂ ಕರೆಯುವ ಅ ಗಿಡಕ್ಕೇ ಹೋಗುತ್ತೆ. ಈಗ ಇನ್ನೊಂದು ಜೋಡಣೆ:

ಅ : 1 2 3
ಬ : 2 3 4
ಕ : 1 4
ಡ : 1 4

ಎರಡರಲ್ಲೂ ಇರಬಹುದಾಗಿದ್ದ ಕೊಂಡಿ 16, ನಿಜಕ್ಕೂ ಇರುವುದು 10. ಅಂದರೆ ಕನೆಕ್ಟೆನ್ಸ್ ಎರಡಕ್ಕೂ 0.625, ಒಂದೇ. ನೆಸ್ಟೆಡ್‌ನೆಸ್ ಮಾತ್ರ ಬೇರೆ. ಹಾಗಾಗಿ ಈ ಎರಡು ಪದ ಒಂದರ ಜಾಗದಲ್ಲಿ ಇನ್ನೊಂದು ಬರೋ ಹಾಗಿರಬಾರದು.

ಸುಮಾ, ಪದಕ್ಕಿಂತ ನಿಮ್ಮ ಕರಡಿನ ವಾಕ್ಯದ ಮೇಲೆ ನನಗೆ ಜಾಸ್ತಿ ತಕರಾರಿದೆ. ಮೊದಲ ಜೋಡಣೆಯಲ್ಲಿ 4, 3, 2 ಈ ಕ್ರಮದಲ್ಲಿ ಕೀಟ ತೆಗೆಯಿರಿ. ಮೂರು ಹೋದರೂ ನಾಲ್ಕೂ ಗಿಡ ಉಳಿಯುತ್ತವೆ. ತಿರುಗಿಸಿ 1ರಿಂದ ಶುರು ಮಾಡಿ. ಮೊದಲ ಏಟಿಗೇ ಡ ಹೋಯ್ತು, ಆಮೇಲೆ ಕ, ಆಮೇಲೆ ಬ. ಎರಡನೇ ಜೋಡಣೆಯಲ್ಲಿ 1 ಹೋದರೆ ಏನೂ ಆಗಲ್ಲ, ಆದರೆ 4ನೆಯದೂ ಹೋದರೆ ಕ, ಡ ಎರಡೂ ಒಟ್ಟಿಗೇ ಬೀಳುತ್ತವೆ. ಯಾರು ಮೊದಲು ಹೋಗುತ್ತಾರೆ ಅನ್ನುವುದನ್ನು ಹೇಳದೆ ‘ತಾಳುತ್ತದೆ’ ಅಂದರೆ ಆ ವಾಕ್ಯಕ್ಕೆ ಅರ್ಥವೇ ಇಲ್ಲ.

ನಾಗರಾಜ:
ಇಷ್ಟೆಲ್ಲ ವಿವರಿಸಬೇಕು ಅಂದಮೇಲೆ ಸುಮ್ನೆ ‘ನೆಸ್ಟೆಡ್‌ನೆಸ್’ ಅಂತಲೇ ಹಾಕಿ. ಒಳಗೂಡಿಕೆ ಅಂದರೂ ವಿವರಿಸಲೇಬೇಕು. ರಂಗನಾಥರ ಸಂಧಿ ಸರಿ ಇದೆ. ಆದರೆ ಬೋರ್ಡ್ ಓದುವವರು ಸಂಧಿ ಬಿಡಿಸಿಕೊಂಡು ಓದಲ್ಲ. ಜೇನಿನ ಪಕ್ಕ ‘ಗೂಡಿಕೆ’ ಕಂಡರೆ ಗೂಡೇ ಕಾಣೋದು.

ರಂಗನಾಥ:
ಇಂಗ್ಲಿಷಿನವರಿಗೂ ಗೂಡೇ ಕಾಣಬೇಕಿತ್ತು, ಅವರು ಸಹಿಸಿಕೊಂಡಿದ್ದಾರೆ. ಕನ್ನಡ ಬಂದಾಗ ಮಾತ್ರ ಓದುಗ ದಡ್ಡ ಆಗಿಬಿಡುತ್ತಾನೆ. ಅದಿರಲಿ, ‘ಜಾಲ’ ಯಾಕೆ? ‘ಬಲೆ’ ಅನ್ನಿ. ‘ಪರಾಗ’ ಯಾಕೆ? ‘ಹೂದೂಳು’ ಅನ್ನಿ. ‘ಪ್ರಭೇದ’ವನ್ನಂತೂ ಉಚ್ಚರಿಸೋಕೂ ಆಗಲ್ಲ.

ನಾಗರಾಜ:
ಕೀಟದ ಬೋರ್ಡಿನಲ್ಲಿ ‘ಬಲೆ’ ಅಂದರೆ ಜೇಡ ಬಂದು ಕೂರುತ್ತೆ ಸ್ವಾಮಿ.

ರಂಗನಾಥ:
ತಮಾಷೆ ವಾದ ಅಲ್ಲ. ಕಡ ತಂದ ಪದವನ್ನು ವಾಪಸ್ ಕೊಡುವವರನ್ನು ನಾನಿನ್ನೂ ನೋಡಿಲ್ಲ.

ಗಿರೀಶ:
ಮಾಲತಿ ಮೇಡಂ, ನಿಮ್ಮ ಲೆಕ್ಕ ನೋಡಿ ನಾನೂ ಒಂದು ಸಣ್ಣ ಕೋಡ್ ಬರೆದು ಓಡಿಸಿದೆ. ಕೊಂಡಿ ಜಾಸ್ತಿ ಹಾಕಿದಷ್ಟೂ ಗಿಡ ಜಾಸ್ತಿ ಹೊತ್ತು ಉಳೀತು. ಹಾಗಾದರೆ ಕನೆಕ್ಟೆನ್ಸ್ ಒಂದೇ ಸಾಕಲ್ವಾ? ಎಲ್ಲ ಜಾಲಗಳನ್ನೂ ಅದರಿಂದಲೇ ಹೋಲಿಸಬಹುದು.

ಮಾಲತಿ:
ಕೊಂಡಿ ಹೆಚ್ಚಿದರೆ ಅನುಕೂಲ ಅನ್ನುವುದು ಸರಿ. ಹೋಲಿಕೆ ಮಾತ್ರ ಅಷ್ಟು ಸುಲಭ ಅಲ್ಲ. ಜಾತಿಗಳು ಹೆಚ್ಚಾದ ಹಾಗೆ ಕನೆಕ್ಟೆನ್ಸ್ ತಾನಾಗಿಯೇ ಇಳಿಯುತ್ತೆ. ನೂರಾರು ಬಗೆಯ ಹೂಗಳಿದ್ದರೆ ಯಾವ ಕೀಟವೂ ಅವೆಲ್ಲಕ್ಕೂ ಹೋಗಲ್ಲವಲ್ಲ. ಚಿಕ್ಕ ಜಾಲದ ಅಂಕಿಯನ್ನು ದೊಡ್ಡದರ ಪಕ್ಕ ಇಟ್ಟರೆ ಮೋಸ ಹೋಗುತ್ತೀರಿ. ಹುಡುಕಿದ್ದು ಕಡಿಮೆಯಾದರೂ ಕೊಂಡಿ ಕಡಿಮೆ ಕಾಣುತ್ತೆ. ಒಂದೇ ಸಲ ಕಣ್ಣಿಗೆ ಬಿದ್ದ ಕೀಟ ಪಟ್ಟಿಯಲ್ಲಿ ‘ಒಂದೇ ಹೂವಿಗೆ ಹೋಗುವುದು’ ಆಗಿಬಿಡುತ್ತೆ.

ಇನ್ನೊಂದು ಮಾತು. ನೀವು ಮಾಡಿದ್ದನ್ನೇ 2004ರಲ್ಲಿ ಮೆಮೊಟ್, ವೇಸರ್, ಪ್ರೈಸ್ ಅನ್ನುವ ಸಂಶೋಧಕರು ಎರಡು ದೊಡ್ಡ ಜಾಲಗಳ ಮೇಲೆ ಮಾಡಿದರು. ಒಂದು ಅಮೆರಿಕದ ಇಲಿನಾಯ್‌ನ ಕಾರ್ಲಿನ್‌ವಿಲ್‌ನದು, ಚಾರ್ಲ್ಸ್ ರಾಬರ್ಟ್‌ಸನ್ ಅನ್ನುವವರು ವರ್ಷಾನುಗಟ್ಟಲೆ ಕೂತು ಬರೆದಿಟ್ಟ ಪಟ್ಟಿ. ಹೆಚ್ಚು ಕೊಂಡಿ ಇರುವ ಕೀಟಗಳನ್ನೇ ಮೊದಲು ತೆಗೆದರೂ ಗಿಡಗಳು ದಿಢೀರ್ ಕುಸಿಯಲಿಲ್ಲ, ಹೆಚ್ಚೆಂದರೆ ಸರಿಸುಮಾರು ನೇರ ಗೆರೆಯಲ್ಲಿ ಇಳಿದವು. ನನ್ನ ಮೊದಲ ಜೋಡಣೆಯಲ್ಲಿ ಒಂದು ಕೀಟಕ್ಕೆ ಒಂದು ಗಿಡ ಹೋದ ಹಾಗೆ.

ಆದರೆ ಆ ಲೆಕ್ಕದಲ್ಲಿ ಕೊನೆಯ ಅತಿಥಿ ಹೋದಮೇಲಷ್ಟೇ ಗಿಡ ಸಾಯುತ್ತೆ. ಇರುವ ಕೀಟ ಹೊಸ ಹೂವಿಗೆ ಹೋಗುವುದೂ ಇಲ್ಲ. ನಿಜದಲ್ಲಿ ಎರಡೂ ಹಾಗಿಲ್ಲ. ಅದೇ ಕಾರ್ಲಿನ್‌ವಿಲ್‌ನಲ್ಲಿ ಬೇರೆ ಸಂಶೋಧಕರು ಮತ್ತೆ ಹುಡುಕಿ 2013ರಲ್ಲಿ ವರದಿ ಮಾಡಿದರು. 26 ಕಾಡುಹೂಗಳಿಗೆ ಬರುತ್ತಿದ್ದ ಜೇನುನೊಣದ ಬಳಗದ ಜಾತಿಗಳಲ್ಲಿ ಅರ್ಧದಷ್ಟು ಇಲ್ಲ. ಹಳೆಯ 532 ನಂಟುಗಳಲ್ಲಿ ಉಳಿದಿದ್ದು 125. ಹೊಸ ನಂಟುಗಳೂ ಹುಟ್ಟಿದ್ದವು. ಕೀಟ ಅರ್ಧ ಹೋದರೆ ನಂಟು ಮುಕ್ಕಾಲು ಹೋಗಿದೆ, ನೋಡಿ. ಜಾತಿ ಎಣಿಸಿದರೆ ‘ತಾಳಿತು’ ಅನ್ನಬಹುದಾದ್ದು ನಂಟು ಎಣಿಸಿದರೆ ಹಾಗೆ ಕಾಣಲ್ಲ.

‘ತಾಳಿಕೆ’ ನನಗೆ ಒಪ್ಪಿಗೆ. ಏನನ್ನು, ಎಷ್ಟರವರೆಗೆ ತಾಳುತ್ತೆ ಅಂತ ಆ ಪದವೇ ಕೇಳುತ್ತೆ. ಕನೆಕ್ಟೆನ್ಸ್‌ಗೆ ‘ಕೊಂಡಿಗಳ ಪಾಲು’ ಸಾಕು. ಅದು ಪಾಲೇ ತಾನೆ.

ಸುಮಾ:
ತುಂಬಾ ಥ್ಯಾಂಕ್ಸ್. ವಾಕ್ಯವನ್ನು ಪೂರ್ತಿ ಬದಲಿಸಿದೆ: “ಚಿಕ್ಕ ಪಟ್ಟಿ ದೊಡ್ಡ ಪಟ್ಟಿಯೊಳಗೇ ಇರುವ ಜಾಲದಲ್ಲಿ, ಒಂದೆರಡು ಹೂಗಳಿಗಷ್ಟೇ ಹೋಗುವ ಕೀಟಗಳು ಮೊದಲು ಕಣ್ಮರೆಯಾದರೆ ಗಿಡಗಳು ಬಹಳ ಹೊತ್ತು ತಾಳುತ್ತವೆ. ಎಲ್ಲ ಹೂಗಳಿಗೂ ಹೋಗುವ ಕೀಟವೇ ಮೊದಲು ಹೋದರೆ ಗಿಡಗಳು ಆಗಿನಿಂದಲೇ ಒಂದೊಂದಾಗಿ ಹೋಗತೊಡಗುತ್ತವೆ.” ತಲೆಬರಹಕ್ಕೆ ‘ಒಂದರೊಳಗೊಂದು’ ಅಂತ ಹಾಕಿದ್ದೇನೆ.

ರಂಗನಾಥ:
ತಲೆಬರಹಕ್ಕೆ ಸರಿ. ಪಾರಿಭಾಷಿಕ ಪದವಾಗಿ ನಿಲ್ಲಲ್ಲ. ‘ನೆಸ್ಟೆಡ್‌ನೆಸ್ಸಿನ ಅಳತೆ’ ಅನ್ನಬೇಕಾದಾಗ ‘ಒಂದರೊಳಗೊಂದಿನ ಅಳತೆ’ ಅಂತೀರಾ?

ಗಿರೀಶ:
‘ಒಳಪಟ್ಟಿತನ’?

ನಾಗರಾಜ:
ಷರತ್ತುಗಳಿಗೆ ಒಳಪಟ್ಟಿದೆ ಅಂತ ಓದಿಕೊಳ್ತಾರೆ ಗಿರೀಶ್.

ಸುಮಾ:
ಅಯ್ಯೋ, ಗ್ರಾಫಿನ ಪಕ್ಕದ ಗೆರೆಗೂ ಅದೇ ಪದ ಬೇಕಿತ್ತು, ಮರೆತೇಬಿಟ್ಟಿದ್ದೆ. ಅಲ್ಲಿರುವುದು ಎರಡು ಇಂಚು ಜಾಗ.

ರಂಗನಾಥ:
‘ಒಳಗೂಡಿಕೆ’ ಅಷ್ಟರಲ್ಲಿ ಹಿಡಿಯುತ್ತೆ.