ಆಂತರಿಕ ಗಲಭೆ, ಸಶಸ್ತ್ರ ದಂಗೆ: 352ನೇ ವಿಧಿಗೆ ಯಾವ ಪದ ಸರಿ?

ಸವಿತಾ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಪಿಯುಸಿ ಮಕ್ಕಳಿಗೆ ಸಂವಿಧಾನದ 352ನೇ ವಿಧಿಯ ತುರ್ತು ಪರಿಸ್ಥಿತಿ ಬಗ್ಗೆ ಕನ್ನಡದಲ್ಲಿ ನೋಟ್ಸ್ ಬರೆಯುತ್ತಿದ್ದೇನೆ. ಯುದ್ಧ, ಹೊರಗಿನ ಆಕ್ರಮಣ, ಈ ಎರಡು ಕಾರಣಗಳಲ್ಲಿ ತಕರಾರಿಲ್ಲ. ಮೂರನೆಯದಕ್ಕೆ ಒಂದು ಗೈಡ್‌ನಲ್ಲಿ ‘ಆಂತರಿಕ ಗಲಭೆ’ ಅಂತಿದೆ, ಇನ್ನೊಂದರಲ್ಲಿ ‘ಸಶಸ್ತ್ರ ದಂಗೆ’. ಎರಡೂ ಒಂದೇ ಆದರೆ ಗಲಭೆ ಅಂತಲೇ ಇಡುತ್ತೇನೆ, ಮಕ್ಕಳಿಗೆ ಸುಲಭ. ನಮ್ಮ ಕಡೆ ‘ದಂಗಾ’ ಅಂದರೆ ಓಣಿಯಲ್ಲಿ ಕಲ್ಲು ತೂರಾಟ ಆಗಿ ಅಂಗಡಿ ಶಟರ್ ಎಳೆಯುವುದು. ಅದಕ್ಕೂ ಇದಕ್ಕೂ ವ್ಯತ್ಯಾಸ ಏನು ಅಂತ ಒಬ್ಬ ಹುಡುಗ ಕೇಳಿಬಿಟ್ಟ.

ಮಲ್ಲಿಕಾರ್ಜುನ, ಬೀದರ್

ಮೇಡಂ, ಹಳೆ ಗೈಡ್ ಬಿಸಾಕಿ. ಗಲಭೆ ತೆಗೆದು ಸಶಸ್ತ್ರ ದಂಗೆ ಅಂತ ಮಾಡಿದ್ದಾರೆ. ಬೊಮ್ಮಾಯಿ ಕೇಸಿನ ತೀರ್ಪು ಬಂದ ಮೇಲೆ ಆದದ್ದು ಇದು.

ನಾಗಪ್ಪ, ಯಾದಗಿರಿ

ನಮ್ಮೂರಲ್ಲಿ ಜಾತ್ರೆ ಹೊತ್ತಿಗೆ 144 ಹಾಕಿದ್ದರು. ನಾಲ್ಕು ಜನ ಚಹಾ ಕುಡಿಯಲು ನಿಂತರೂ ಪೊಲೀಸರು ಓಡಿಸಿದರು. ತಹಶೀಲ್ದಾರರಿಗೇ ತುರ್ತು ಪರಿಸ್ಥಿತಿ ಹೇರುವ ಅಧಿಕಾರ ಇದೆ ಅಂದ ಹಾಗಾಯ್ತಲ್ವಾ?

ರಿಯಾಜ್, ಕಲಬುರಗಿ

ನಾಗಪ್ಪಣ್ಣ, ಅದು ಬೇರೆ ಬಾಬತ್ತು. 144 ಇದ್ದದ್ದು ಕ್ರಿಮಿನಲ್ ಪ್ರೊಸೀಜರ್ ಕೋಡ್‌ನಲ್ಲಿ, ಈಗ ಹೊಸ ಸಂಹಿತೆಯಲ್ಲಿ ಅದೇ 163. ಅದು ಮ್ಯಾಜಿಸ್ಟ್ರೇಟರ ಆದೇಶ, ಸಂವಿಧಾನದ ತುರ್ತು ಪರಿಸ್ಥಿತಿ ಅಲ್ಲ.

ಮಲ್ಲಿಕಾರ್ಜುನ ಅವರೇ, ಪದ ಬದಲಾದದ್ದು ನಿಜ. ಆದರೆ ಬದಲಾಯಿಸಿದ್ದು ಕೋರ್ಟಲ್ಲ, ಸಂಸತ್ತು. 1978ರ 44ನೇ ತಿದ್ದುಪಡಿ ಅದು. ಬೊಮ್ಮಾಯಿ ತೀರ್ಪು 1994ರದ್ದು. ರಾಜ್ಯ ಸರ್ಕಾರ ವಜಾ ಮಾಡುವ 356ನೇ ವಿಧಿಗೆ ಸೇರಿದ ವಿಷಯ.

ಸವಿತಾ ಮೇಡಂ, ಎರಡೂ ಒಂದೇ ಅಂತ ದಯವಿಟ್ಟು ಬರೆಯಬೇಡಿ. ಇಡೀ ತಿದ್ದುಪಡಿಯ ಜೀವ ಇರುವುದೇ ಆ ವ್ಯತ್ಯಾಸದಲ್ಲಿ. 1975ರ ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಸಹಿ ಹಾಕಿದ ಘೋಷಣೆಯಲ್ಲಿ ಇದ್ದ ಕಾರಣ ‘ಆಂತರಿಕ ಗಲಭೆ’. ಹೊರಗಿನ ಆಕ್ರಮಣದ ಹೆಸರಿನಲ್ಲಿ 1971ರ ಡಿಸೆಂಬರ್‌ನಲ್ಲಿ ಘೋಷಿಸಿದ್ದ ತುರ್ತು ಪರಿಸ್ಥಿತಿ ಆಗಲೂ ಜಾರಿಯಲ್ಲಿತ್ತು. ಅದರ ಮೇಲೆ ಇದು. ಗಲಭೆ ಎಷ್ಟು ಸಡಿಲ ಪದ ನೋಡಿ. ಮುಷ್ಕರವೂ ಗಲಭೆ, ಮೆರವಣಿಗೆಯೂ ಗಲಭೆ. ಇನ್ನೊಮ್ಮೆ ಆ ದಾರಿ ಬೇಡ ಅಂತ ‘ಸಶಸ್ತ್ರ’ ಬೇಲಿ ಹಾಕಿದರು.

ನೋಟ್ಸಿಗೆ ಇನ್ನೊಂದು ಪದ ಹೇಳುತ್ತೇನೆ. ಅಂದು ರಾತ್ರಿ ಸಲಹೆ ಹೋದದ್ದು ಪ್ರಧಾನಿ ಇಂದಿರಾ ಗಾಂಧಿ ಅವರಿಂದ. ಸಂಪುಟಕ್ಕೆ ಗೊತ್ತಾದದ್ದು ಮರುದಿನ ಬೆಳಿಗ್ಗೆ. ಅದಕ್ಕೇ ಈಗ ಸಂಪುಟದ ತೀರ್ಮಾನ ಲಿಖಿತವಾಗಿ ಬರದೆ ರಾಷ್ಟ್ರಪತಿ ಘೋಷಣೆ ಹೊರಡಿಸುವ ಹಾಗಿಲ್ಲ. ಅದಕ್ಕೂ ಮೊದಲು ಸಂವಿಧಾನದಲ್ಲಿ ‘ಸಂಪುಟ’ ಎಂಬ ಮಾತೇ ಇರಲಿಲ್ಲ, ಮಂತ್ರಿಮಂಡಲ ಮಾತ್ರ ಇತ್ತು. ಅಲ್ಲಿ ಮಂತ್ರಿಮಂಡಲ ಅಂತ ಅನುವಾದಿಸಿದರೆ ತಪ್ಪಾಗುತ್ತದೆ.

ಆಮೇಲೆ ಒಂದು ತಿಂಗಳೊಳಗೆ ಎರಡೂ ಸದನಗಳ ಒಪ್ಪಿಗೆ ಬೇಕು. ಮೊದಲು ಎರಡು ತಿಂಗಳಿತ್ತು. ಲೋಕಸಭೆಯ 543 ಸ್ಥಾನಗಳೂ ತುಂಬಿವೆ, ಮತ ಹಾಕಿದವರು 450 ಅಂತ ಇಟ್ಟುಕೊಳ್ಳಿ. ಒಟ್ಟು ಸದಸ್ಯರ ಅರ್ಧಕ್ಕಿಂತ ಹೆಚ್ಚು ಅಂತ 272 ಬಂದರೆ ಸಾಲದು, ಮತ ಹಾಕಿದವರ ಮೂರರಲ್ಲಿ ಎರಡು ಪಾಲು ಅಂದರೆ 300 ಮತ ಬೇಕು. ತೆಗೆಯುವುದು ಮಾತ್ರ ಸುಲಭ. ಹತ್ತರಲ್ಲಿ ಒಂದು ಪಾಲು, ಅಂದರೆ 55 ಸದಸ್ಯರು ನೋಟಿಸ್ ಕೊಟ್ಟರೆ 14 ದಿನದೊಳಗೆ ಸಭೆ ಸೇರಬೇಕು. ಬೇಡ ಅಂತ ಸಾದಾ ಬಹುಮತ ಬಂದರೆ ಘೋಷಣೆ ಹಿಂಪಡೆಯಲೇಬೇಕು.

ಸವಿತಾ, ಕಲಬುರಗಿ

ಬಹಳ ಉಪಕಾರ ಆಯ್ತು ಸರ್. ಆದರೆ ಈಗಲೂ 355ನೇ ವಿಧಿಯಲ್ಲಿ ‘ಆಂತರಿಕ ಗಲಭೆ’ ಇದೆಯಲ್ಲ. ಅದು ಅಚ್ಚಿನ ತಪ್ಪಾ?

ರಿಯಾಜ್, ಕಲಬುರಗಿ

ಅಲ್ಲ. ಅಲ್ಲಿ ಕೈ ಹಾಕಲಿಲ್ಲ. ಗಲಭೆಯಿಂದ ರಾಜ್ಯವನ್ನು ಕಾಯುವುದು ಕೇಂದ್ರದ ಕರ್ತವ್ಯ ಅಂತ 355 ಹೇಳುತ್ತದೆ. ಗಲಭೆ ಅಂತ ಪಡೆ ಕಳಿಸಬಹುದು, ದೇಶಕ್ಕೆಲ್ಲ ತುರ್ತು ಪರಿಸ್ಥಿತಿ ಹೇರುವಂತಿಲ್ಲ. ಹಾಗಾಗಿ ನೋಟ್ಸಿನಲ್ಲಿ ಎರಡು ಕಡೆ ಎರಡು ಪದ ಇರಲೇಬೇಕು.

ನಿಮ್ಮ ಹುಡುಗನ ಅನುಮಾನ ಸರಿಯಾಗೇ ಇದೆ. ನಮ್ಮ ಕಿವಿಗೆ ದಂಗೆ ಅಂದರೆ ದಂಗಾನೇ ಕೇಳಿಸುತ್ತದೆ. ‘ಸಶಸ್ತ್ರ ದಂಗೆ’ ಅಂದರೆ ಬಡಿಗೆ ಹಿಡಿದ ಗಲಭೆ ಅಂದುಕೊಳ್ಳುತ್ತಾರೆ, ಹೊರಗಿಟ್ಟದ್ದು ಹಿಂಬಾಗಿಲಿಂದ ಒಳಗೆ ಬರುತ್ತದೆ. ನನಗೆ ‘ಸಶಸ್ತ್ರ ಬಂಡಾಯ’ ಇಷ್ಟ. ಸುರಪುರದ ವೆಂಕಟಪ್ಪ ನಾಯಕರು 1858ರಲ್ಲಿ ಮಾಡಿದ್ದಕ್ಕೆ ಯಾರೂ ದಂಗಾ ಅನ್ನುವುದಿಲ್ಲ ನೋಡಿ. ಅಧಿಕಾರದ ವಿರುದ್ಧವೇ ಆಯುಧ ಎತ್ತುವುದು ಬಂಡಾಯ.

ಮಲ್ಲಿಕಾರ್ಜುನ, ಬೀದರ್

ಟಿಕೆಟ್ ಸಿಗದವರೆಲ್ಲ ಈಗ ‘ಬಂಡಾಯ ಅಭ್ಯರ್ಥಿ’, ಸರ್. ಆ ಪದವೂ ಸವೆದಿದೆ. ಅದಿರಲಿ, ಎಷ್ಟು ಜನ, ಎಷ್ಟು ಬಂದೂಕು ಇದ್ದರೆ ಸಶಸ್ತ್ರ?

ರಿಯಾಜ್, ಕಲಬುರಗಿ

ಲೆಕ್ಕ ಎಲ್ಲೂ ಕೊಟ್ಟಿಲ್ಲ. ಅಷ್ಟೇ ಅಲ್ಲ, ಬಂಡಾಯ ಆಗಿರಲೇಬೇಕು ಅಂತಲೂ ಇಲ್ಲ. ಅಪಾಯ ಹತ್ತಿರದಲ್ಲೇ ಇದೆ ಅಂತ ರಾಷ್ಟ್ರಪತಿಗೆ ಮನವರಿಕೆಯಾದರೆ ಸಾಕು. ಬೇಲಿಯಲ್ಲಿ ಕಿಂಡಿ ಇರುವುದು ಅಲ್ಲೇ.

ಸವಿತಾ, ಕಲಬುರಗಿ

‘ಹತ್ತಿರದಲ್ಲೇ ಇರುವ ಅಪಾಯ’ಕ್ಕೆ ‘ಸನ್ನಿಹಿತ’ ಅಂತ ಬರೆದರೆ ನಮ್ಮ ಮಕ್ಕಳು ಬಾಯಿಪಾಠ ಮಾಡುತ್ತಾರೆ ಅಷ್ಟೇ. ‘ಇನ್ನೇನು ಬಂತು ಅನ್ನುವ ಅಪಾಯ’ ಅಂದರೆ ನಡೆಯುತ್ತಾ? ಬೇರೆ ಪದ ಇದ್ದರೆ ತಿಳಿಸಿ.