ಸಿ ಡ್ರಾಯಿಂಗ್ ಡಿ ಮೇಲೆ ಹೇಗೆ ಬಂತು?

ಪ್ರಶ್ನೆ (ಮಷಿನ್ ಶಾಪ್, ಉದ್ಯಮಬಾಗ, ಬೆಳಗಾವಿ)

ನಮಸ್ಕಾರ ರೀ. ಗಿರಾಕಿ ಕಂಪನಿಯವರು ಒಂದು ಪಂಪ್ ಹೌಸಿಂಗ್ ಡ್ರಾಯಿಂಗನ್ನು ಒಂದೇ ದಿನ ಎರಡು ಸಲ ಬದಲಿಸಿ ಮೇಲ್ ಮಾಡಿದರು. ಬೆಳಿಗ್ಗೆ ರಿವಿಜನ್ ಸಿ, ಮಧ್ಯಾಹ್ನ ಊಟದ ನಂತರ ರಿವಿಜನ್ ಡಿ. ಮರುದಿನ ನಮ್ಮ ಹುಡುಗ ಥಂಡರ್‌ಬರ್ಡ್ ತೆರೆದಾಗ ಸಿ ಮೇಲಿತ್ತು, ಡಿ ಕೆಳಗಿತ್ತು. ಮೇಲಿದ್ದದ್ದೇ ಹೊಸದು ಅಂದುಕೊಂಡು ಪ್ರಿಂಟ್ ತೆಗೆದ, 18 ಕಾಸ್ಟಿಂಗ್‌ಗೆ ಬೋರ್ ಹೊಡೆದ. ಅದೇ ಮೇಲ್‌ಬಾಕ್ಸನ್ನು ಬ್ರೌಸರ್‌ನಲ್ಲಿ ತೆರೆದರೆ ಡಿ ಮೇಲಿದೆ, ಸಿ ಕೆಳಗಿದೆ. ಹುಡುಗನಿಗೆ ಬೈದದ್ದೂ ಆಯಿತು, ಈಗ ನೋಡಿದರೆ ಅವನದು ತಪ್ಪೇ ಇಲ್ಲ. ಹೀಗೆ ಯಾಕೆ ಆಗುತ್ತದೆ?

ಓದುಗರು, ಗೋಕಾಕ

Date ಅಂತ ಇರೋ ಕಾಲಂ ಮೇಲೆ ಒಂದು ಕ್ಲಿಕ್ ಮಾಡಿ ಸರ್. ಬಾಣ ತಿರುಗುತ್ತದೆ, ಹೊಸದು ಮೇಲೆ ಬರುತ್ತದೆ. ನಮ್ಮ ಆಫೀಸಲ್ಲೂ ಯಾರೋ ಒತ್ತಿಬಿಟ್ಟಿದ್ದರು.

ಪ್ರಶ್ನೆ ಕೇಳಿದವರು

ಅದನ್ನು ನೋಡಿದೆ ಅಣ್ಣಾ. ಬಾಣ ತಿರುಗಿಸಿದರೆ ಇಡೀ ಪಟ್ಟಿ ತಲೆಕೆಳಗಾಗುತ್ತದೆ, ಹೋದ ವರ್ಷದ ಮೇಲ್ ಮೇಲೆ ಬಂದು ಕೂರುತ್ತದೆ. ಉಳಿದ ಮೇಲ್ ಎಲ್ಲ ಸಾಲಾಗಿಯೇ ಇವೆ. ಇದೊಂದು ಮಾತ್ರ ತನ್ನ ಜಾಗ ಬಿಟ್ಟು ಮೇಲೆ ಹತ್ತಿದೆ.

ಕಂಪ್ಯೂಟರ್ ರಿಪೇರಿ, ಬಾಗಲಕೋಟೆ

ಇದು ಗಡಿಯಾರದ ತಪ್ಪು, ಅನುಮಾನವೇ ಬೇಡ. ನಿಮ್ಮ ಕಂಪ್ಯೂಟರ್‌ನ ಮದರ್‌ಬೋರ್ಡ್ ಸೆಲ್ ಹೋಗಿರಬೇಕು. ಸೆಲ್ ಹಾಕಿ, ಟೈಮ್ ಸರಿ ಮಾಡಿ, ಎಲ್ಲ ಸರಿ ಹೋಗುತ್ತದೆ.

ಮೇಲ್ ಸರ್ವರ್ ನೋಡಿಕೊಳ್ಳುವವರು, ವಿಜಯಪುರ

ಸೆಲ್ ಬದಲಿಸುವ ಮುಂಚೆ ಒಂದು ಕೆಲಸ ಮಾಡಿ. ಸಿ ಮೇಲನ್ನು ಆರಿಸಿ Ctrl+U ಒತ್ತಿ. ಮೇಲ್‌ನ ಮೂಲ ರೂಪ ಬೇರೆ ಕಿಟಕಿಯಲ್ಲಿ ತೆರೆಯುತ್ತದೆ. ನೋಡಲು ಗಜಿಬಿಜಿ, ಹೆದರಬೇಡಿ. ಅದರಲ್ಲಿ `Received:` ಅಂತ ಶುರುವಾಗುವ ಸಾಲುಗಳು ನಾಲ್ಕೈದು ಇರುತ್ತವೆ. ಎಲ್ಲಕ್ಕಿಂತ ಮೇಲಿರುವುದನ್ನು ಹುಡುಕಿ, ಅದರ ಕೊನೆಯಲ್ಲಿರುವ ತಾರೀಖು ಮತ್ತು ಹೊತ್ತನ್ನು ಬರೆದುಕೊಳ್ಳಿ. ಆಮೇಲೆ `Date:` ಸಾಲು. ಡಿ ಮೇಲ್‌ದೂ ಹೀಗೆಯೇ ತೆಗೆದು ಇಲ್ಲಿ ಹಾಕಿ. ವಿಳಾಸ, ಹೆಸರು ಹಾಕಬೇಡಿ.

ಪ್ರಶ್ನೆ ಕೇಳಿದವರು

ಇಲ್ಲಿದೆ ನೋಡಿ ಸರ್. ಮೊದಲಿನ ಎರಡು ಸಾಲು ಸಿ ಮೇಲ್‌ದು, ಕೆಳಗಿನ ಎರಡು ಡಿ ಮೇಲ್‌ದು.

```
Received: ... ; Tue, 11 Mar 2025 05:35:41 +0000
Date: Tue, 11 Mar 2025 11:05:12 +0000

Received: ... ; Tue, 11 Mar 2025 08:50:19 +0000
Date: Tue, 11 Mar 2025 14:20:07 +0530
```

ಮೇಲ್ ಸರ್ವರ್ ನೋಡಿಕೊಳ್ಳುವವರು, ವಿಜಯಪುರ

ಸಿಕ್ಕಿತು. ಕಳ್ಳ ಎರಡನೇ ಸಾಲಿನ ಕೊನೆಯಲ್ಲಿ ಕೂತಿದ್ದಾನೆ.

`Date:` ಸಾಲನ್ನು ಬರೆಯುವುದು ಮೇಲ್ ಕಳಿಸಿದ ಕಡೆಯ ಯಂತ್ರ. ಅದು ಏನು ಬರೆಯುತ್ತದೋ ಅದೇ ನಿಮ್ಮ ತನಕ ಬರುತ್ತದೆ, ಸಾಮಾನ್ಯವಾಗಿ ನಡುವೆ ಯಾರೂ ತಿದ್ದುವುದಿಲ್ಲ. `Received:` ಸಾಲು ಹಾಗಲ್ಲ. ಅದು ಅಂಚೆ ಕಚೇರಿಯ ಮುದ್ರೆ ಇದ್ದಂತೆ, ಮೇಲ್ ಹಾದುಬಂದ ಒಂದೊಂದು ಸರ್ವರ್ ಒಂದೊಂದು ಮುದ್ರೆ ಒತ್ತುತ್ತದೆ. ಹೊಸ ಮುದ್ರೆ ಯಾವಾಗಲೂ ಮೇಲೆ ಬೀಳುತ್ತದೆ. ಹಾಗಾಗಿ ಎಲ್ಲಕ್ಕಿಂತ ಮೇಲಿನದು ನಿಮ್ಮದೇ ಸರ್ವರ್ ಒತ್ತಿದ್ದು, ಅದನ್ನು ನಂಬಬಹುದು.

ಈಗ ಲೆಕ್ಕ ಹಾಕೋಣ. ಸಿ ಮೇಲ್ ನಿಮ್ಮ ಸರ್ವರ್‌ಗೆ ಬಂದದ್ದು 05:35, ಪಕ್ಕದಲ್ಲಿ `+0000`. ಅಂದರೆ ಗ್ರೀನಿಚ್ ಹೊತ್ತು. ಅದಕ್ಕೆ ಐದೂವರೆ ತಾಸು ಸೇರಿಸಿದರೆ ನಮ್ಮ ಹೊತ್ತು ಬೆಳಿಗ್ಗೆ 11:05. ಕಳಿಸಿದ ಯಂತ್ರದ ಗಡಿಯಾರದಲ್ಲೂ 11:05 ಇತ್ತು. ಅಲ್ಲಿಯ ತನಕ ಸರಿ. ಆದರೆ ಅದು 11:05ರ ಪಕ್ಕ `+0530` ಬರೆಯುವ ಬದಲು `+0000` ಬರೆದಿದೆ. ಥಂಡರ್‌ಬರ್ಡ್ ಅದನ್ನು ಓದಿ, ಓಹೋ ಗ್ರೀನಿಚ್‌ನಲ್ಲಿ 11:05, ಹಾಗಾದರೆ ಭಾರತದಲ್ಲಿ ಸಂಜೆ 4:35 ಅಂತ ಲೆಕ್ಕ ಹಾಕಿತು. ಡಿ ಮೇಲ್ ಮಧ್ಯಾಹ್ನ 2:20ರದ್ದು, ಅದರ `+0530` ಸರಿಯಾಗಿದೆ. 4:35 ದೊಡ್ಡದೋ 2:20 ದೊಡ್ಡದೋ? ಸಿ ಮೇಲೆ ಹೋಯಿತು.

ಬ್ರೌಸರ್‌ನಲ್ಲಿ ಕ್ರಮ ಸರಿ ಕಾಣುವುದಕ್ಕೆ ಕಾರಣ, ಅಲ್ಲಿ ಸರ್ವರ್‌ಗೆ ಬಂದ ಹೊತ್ತಿನ ಮೇಲೆ ಜೋಡಿಸಿದ್ದಾರೆ. ಥಂಡರ್‌ಬರ್ಡ್‌ನ Date ಕಾಲಂ ಕಳಿಸಿದವರ ಮಾತನ್ನು ನಂಬುತ್ತದೆ.

ನೀವು ಸಿ ಬಂದ ಕೂಡಲೇ, ಬೆಳಿಗ್ಗೆ 11:06ಕ್ಕೆ ನೋಡಿದ್ದರೆ ಅದರ ಮುಂದೆ ಸಂಜೆ 4:35 ಅಂತ ಕಾಣುತ್ತಿತ್ತು. ಇನ್ನೂ ಆಗದ ಹೊತ್ತು, ಯಾರಿಗಾದರೂ ಅನುಮಾನ ಬರುತ್ತದೆ. ಮರುದಿನ ನೋಡಿದರೆ ನಿನ್ನೆಯ 4:35, ಏನೂ ವಿಚಿತ್ರ ಅನ್ನಿಸಲ್ಲ. ಹುಡುಗ ಸಿಕ್ಕಿಬಿದ್ದದ್ದು ಅಲ್ಲಿಯೇ.

ಸಿ ಮೇಲ್ ಸ್ಕ್ಯಾನರ್‌ನಿಂದ ನೇರ ಬಂದದ್ದು ಅಲ್ವಾ?

ಪ್ರಶ್ನೆ ಕೇಳಿದವರು

ಹೌದು ಸರ್! ಡ್ರಾಯಿಂಗ್ ಮೇಲೆ ಪೆನ್ನಿನಿಂದ ತಿದ್ದಿ, ಅವರ ದೊಡ್ಡ ಝೆರಾಕ್ಸ್ ಮಷಿನ್‌ನಲ್ಲಿ ಸ್ಕ್ಯಾನ್ ಮಾಡಿ ಅಲ್ಲಿಂದಲೇ ಕಳಿಸಿದ್ದು. ಡಿ ಮಾತ್ರ ಡಿಸೈನ್‌ನವರು ತಮ್ಮ ಕಂಪ್ಯೂಟರ್‌ನಿಂದ ಕಳಿಸಿದ್ದಾರೆ. ನಿಮಗೆ ಹೇಗೆ ಗೊತ್ತಾಯಿತು?

ಮೇಲ್ ಸರ್ವರ್ ನೋಡಿಕೊಳ್ಳುವವರು, ವಿಜಯಪುರ

ಸರಿಯಾಗಿ ಐದೂವರೆ ತಾಸಿನ ವ್ಯತ್ಯಾಸ ಬಂದರೆ ನಾನು ಮೊದಲು ಕೇಳುವುದು ಸ್ಕ್ಯಾನರ್, ಸಿಸಿಟಿವಿ ರೆಕಾರ್ಡರ್ ಇಂಥವನ್ನೇ. ಕೂರಿಸುವವರು ಪರದೆಯ ಗಡಿಯಾರವನ್ನು ಗೋಡೆ ಗಡಿಯಾರಕ್ಕೆ ಹೊಂದಿಸುತ್ತಾರೆ, ಟೈಮ್ ಝೋನ್ ಮುಟ್ಟುವುದೇ ಇಲ್ಲ. ನೋಡುವವರಿಗೆ ಹೊತ್ತು ಸರಿಯಾಗಿಯೇ ಕಾಣುತ್ತದೆ, ಒಳಗೆ ಯಂತ್ರ ತಾನು ಲಂಡನ್‌ನಲ್ಲಿದ್ದೇನೆ ಅಂದುಕೊಂಡಿರುತ್ತದೆ.

ಕಂಪ್ಯೂಟರ್ ರಿಪೇರಿ, ಬಾಗಲಕೋಟೆ

ಅಂದರೆ ಗಡಿಯಾರದ ತಪ್ಪು ಅಂತ ನಾನು ಹೇಳಿದ್ದು ಸರಿ ತಾನೆ?

ಮೇಲ್ ಸರ್ವರ್ ನೋಡಿಕೊಳ್ಳುವವರು, ವಿಜಯಪುರ

ಅರ್ಧ ಸರಿ, ಮನೆ ತಪ್ಪಿತು. ಓದುವವರ ಕಂಪ್ಯೂಟರ್‌ನಲ್ಲಿ ಟೈಮ್ ಝೋನ್ ತಪ್ಪಿದ್ದರೆ ಎಲ್ಲ ಮೇಲ್‌ಗಳ ಹೊತ್ತೂ ಒಟ್ಟಿಗೆ ಹಿಂದೆ ಮುಂದೆ ಸರಿಯುತ್ತದೆ. ಹೊತ್ತು ತಪ್ಪು ಕಾಣುತ್ತದೆ, ಸಾಲು ಮುರಿಯಲ್ಲ. ಒಬ್ಬರ ಮೇಲ್ ಮಾತ್ರ ಸಾಲು ತಪ್ಪಿದರೆ ತಪ್ಪು ಅವರ ಕಡೆ. ಸೆಲ್ ಹೋದ ಯಂತ್ರದ ಲಕ್ಷಣ ಬೇರೆ. ಅದು ಐದೂವರೆ ತಾಸಲ್ಲ, ವರ್ಷಗಟ್ಟಲೆ ಹಿಂದೆ ಹೋಗುತ್ತದೆ. ಹೊಸ ಮೇಲ್ ಪಟ್ಟಿಯ ತಳಕ್ಕೆ ಬಿದ್ದು, ಬಂದೇ ಇಲ್ಲ ಅಂತ ಎರಡು ಕಡೆಯವರೂ ಜಗಳ ಆಡುತ್ತಾರೆ. 1970ರ ಜನವರಿ 1, ಬೆಳಿಗ್ಗೆ 5:30 ಅಂತ ಕಂಡರೆ ಮಾತ್ರ ಅಲ್ಲಿ ತಾರೀಖು ಸೊನ್ನೆ ಅಂತ ತಿಳಿಯಿರಿ. ಕಂಪ್ಯೂಟರ್ ಎಣಿಕೆ ಶುರುವಾಗುವುದೇ ಆ ದಿನ ಗ್ರೀನಿಚ್ ಮಧ್ಯರಾತ್ರಿಯಿಂದ, ನಮಗೆ ಅದು ಬೆಳಗಿನ ಐದೂವರೆ.

ಬೆಳಗಾವಿಯವರೇ, ನಿಮ್ಮ ಕಡೆ ಮಾಡಬೇಕಾದ್ದು ಇಷ್ಟು. ಥಂಡರ್‌ಬರ್ಡ್‌ನಲ್ಲಿ Table View ಇಟ್ಟುಕೊಳ್ಳಿ, Cards View ಇದ್ದರೆ ಕಾಲಂ ಕಾಣಿಸಲ್ಲ. ಕಾಲಂ ಹೆಸರುಗಳ ಸಾಲಿನ ಬಲತುದಿಯಲ್ಲಿ ಒಂದು ಸಣ್ಣ ಗುರುತಿದೆ. ಅದನ್ನು ಒತ್ತಿ Received ಗೆ ಟಿಕ್ ಹಾಕಿ, ಆಮೇಲೆ ಆ ಕಾಲಂ ಮೇಲೆ ಕ್ಲಿಕ್ ಮಾಡಿ. ಅಲ್ಲಿಯೇ Order Received ಅಂತ ಇನ್ನೊಂದಿದೆ, ಅದನ್ನು ಹಿಡಿಯಬೇಡಿ. ಅದು ಆ ಫೋಲ್ಡರ್‌ಗೆ ಮೇಲ್ ಸೇರಿದ ಸರದಿ. ನೀವು ಹಳೆಯ ಮೇಲನ್ನು ಇವತ್ತು ಬೇರೆ ಫೋಲ್ಡರ್‌ಗೆ ಸರಿಸಿದರೆ ಅಲ್ಲಿ ಅದೇ ಹೊಸದಾಗಿಬಿಡುತ್ತದೆ.

ಒಣದ್ರಾಕ್ಷಿ ವ್ಯಾಪಾರ, ವಿಜಯಪುರ

ನಮ್ಮದೂ ಇದೇ ಗೋಳು. ಹೋದ ತಿಂಗಳು ಮೇಲ್ ಎಲ್ಲ ಹೊಸ ಸರ್ವರ್‌ಗೆ ಸಾಗಿಸಿದರು. ಈಗ ಮೊಬೈಲ್‌ನಲ್ಲಿ ನಾಲ್ಕು ವರ್ಷದ ಮೇಲ್‌ಗೆಲ್ಲ ಒಂದೇ ತಾರೀಖು. ಯಾವ ಸೀಸನ್‌ನ ಬಿಲ್ ಯಾವುದು ಅಂತ ತಿಳಿಯಲ್ಲ. ನಾವೂ Received ಹಾಕಬೇಕಾ?

ಮೇಲ್ ಸರ್ವರ್ ನೋಡಿಕೊಳ್ಳುವವರು, ವಿಜಯಪುರ

ನಿಮ್ಮದು ಇದಕ್ಕೆ ಉಲ್ಟಾ ಸಾಹುಕಾರರೇ. ಸರ್ವರ್ ಪ್ರತಿ ಮೇಲ್‌ಗೂ ಬಂದ ತಾರೀಖನ್ನು ತನ್ನ ಬಳಿ ಬೇರೆಯಾಗಿ ಬರೆದಿಟ್ಟುಕೊಂಡಿರುತ್ತದೆ. ಸಾಗಿಸುವಾಗ ಆ ಹಳೆಯ ತಾರೀಖನ್ನೂ ಜೊತೆಗೆ ದಾಟಿಸಬೇಕು. ದಾಟಿಸದಿದ್ದರೆ ಹೊಸ ಸರ್ವರ್ ಆ ದಿನದ ತಾರೀಖು ಹಾಕಿಬಿಡುತ್ತದೆ, ನಿಮ್ಮ ಮೊಬೈಲ್ ಅದನ್ನೇ ತೋರಿಸುತ್ತಿದೆ. ಮೇಲ್ ಒಳಗಿನ `Date:` ಸಾಲು ಹಾಗೇ ಇರುತ್ತದೆ. ಕಂಪ್ಯೂಟರ್‌ನಲ್ಲಿ Date ಕಾಲಂ ಮೇಲೆ ಜೋಡಿಸಿ, ಬಿಲ್‌ಗಳು ಸಾಲಾಗಿ ಬರುತ್ತವೆ. ಸಾಗಿಸಿದವರ ಬಳಿ ಹಳೆಯ ಪ್ರತಿ ಇನ್ನೂ ಇದ್ದರೆ ಬೇಗ ಕೇಳಿ, ಮತ್ತೆ ಸರಿಯಾಗಿ ದಾಟಿಸಬಹುದು.

ಸಕ್ಕರೆ ಕಾರ್ಖಾನೆ ಆಫೀಸು, ಬಾಗಲಕೋಟೆ ಜಿಲ್ಲೆ

ಸರ್, ಒಂದು ತಕರಾರು. ನಮ್ಮಲ್ಲಿ ಎಲ್ಲರಿಗೂ Received ಹಾಕಿಸಿದ್ದೆವು. ಒಂದು ದಿನ ಎದುರಿನವರ ಸರ್ವರ್‌ನಲ್ಲಿ ಮೇಲ್ ಎರಡು ತಾಸು ಸಿಕ್ಕಿಕೊಂಡಿತ್ತು. ದರದ ಮೊದಲ ಮೇಲ್ ತಡವಾಗಿ ಬಂತು, ಪರಿಷ್ಕರಿಸಿದ ದರ ಬೇರೆ ದಾರಿಯಲ್ಲಿ ಮೊದಲೇ ಬಂದಿತ್ತು. Received ಪ್ರಕಾರ ಹಳೆಯ ದರವೇ ಹೊಸದಾಯಿತು. ಆ ದಿನ Date ಸರಿ ಇತ್ತು.

ಮೇಲ್ ಸರ್ವರ್ ನೋಡಿಕೊಳ್ಳುವವರು, ವಿಜಯಪುರ

ಒಪ್ಪಿದೆ, ಅದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. Date ಹೇಳುವುದು ಬರೆದ ಹೊತ್ತು, Received ಹೇಳುವುದು ತಲುಪಿದ ಹೊತ್ತು. ನಾನಂತೂ ಎರಡೂ ಕಾಲಂ ಅಕ್ಕಪಕ್ಕ ಇಡುತ್ತೇನೆ. ಎರಡರ ನಡುವೆ ಒಂದೆರಡು ನಿಮಿಷಕ್ಕಿಂತ ಜಾಸ್ತಿ ಅಂತರ ಕಂಡ ಮೇಲ್ ಬಂದರೆ Ctrl+U. Date ಮುಂದೆ ಇದ್ದರೆ ಕಳಿಸಿದವರ ಗಡಿಯಾರ ಕೆಟ್ಟಿದೆ, ಯಾಕೆಂದರೆ ಬರೆಯುವ ಮೊದಲೇ ಮೇಲ್ ತಲುಪಲು ಸಾಧ್ಯವಿಲ್ಲ. Received ಮುಂದೆ ಇದ್ದರೆ ದಾರಿಯಲ್ಲಿ ತಡವಾಗಿರಬಹುದು, ಗಡಿಯಾರ ಹಿಂದಿರಲೂಬಹುದು. ಆಗ ಕೆಳಗಿನ `Received:` ಸಾಲುಗಳನ್ನು ಒಂದೊಂದಾಗಿ ನೋಡಬೇಕು.

ಪ್ರಶ್ನೆ ಕೇಳಿದವರು

ಗಿರಾಕಿಗೆ ಫೋನ್ ಮಾಡಿದೆ. ಸ್ಕ್ಯಾನರ್ ಪರದೆಯಲ್ಲಿ ಹೊತ್ತು ಸರಿಯಾಗಿಯೇ ಇದೆ, ನಮ್ಮದೇನೂ ತಪ್ಪಿಲ್ಲ ಅಂತಾರೆ. ಏನು ಹೇಳಲಿ?

ಮೇಲ್ ಸರ್ವರ್ ನೋಡಿಕೊಳ್ಳುವವರು, ವಿಜಯಪುರ

ಅವರ ಸಿ ಮೇಲ್‌ನ ಆ ಎರಡು ಸಾಲು ಕಳಿಸಿ, ವಾದ ಬೇಡ. ಟೈಮ್ ಝೋನನ್ನು GMT+05:30 ಮಾಡಲು ಹೇಳಿ. ಹಾಗೆ ಮಾಡಿದ ಕೂಡಲೇ ಕೆಲವು ಯಂತ್ರಗಳಲ್ಲಿ ಪರದೆಯ ಗಡಿಯಾರ ಐದೂವರೆ ತಾಸು ಮುಂದೆ ಓಡುತ್ತದೆ. ಅದನ್ನು ನೋಡಿ ಗಾಬರಿಯಾಗಿ ಝೋನನ್ನು ಮತ್ತೆ ಹಿಂದಕ್ಕೆ ತಿರುಗಿಸುತ್ತಾರೆ. ತಿರುಗಿಸಬಾರದು, ಝೋನ್ ಹಾಗೇ ಬಿಟ್ಟು ಹೊತ್ತನ್ನು ಇನ್ನೊಮ್ಮೆ ಸರಿ ಮಾಡಬೇಕು. ಆಮೇಲೆ ಒಂದು ಸ್ಕ್ಯಾನ್ ಕಳಿಸಿಕೊಂಡು `Date:` ಸಾಲಿನ ಕೊನೆಯಲ್ಲಿ `+0530` ಬಂತಾ ನೋಡಿ. ಹಳೆಯ ಮೇಲ್‌ಗಳು ಮಾತ್ರ ಹಾಗೇ ಉಳಿಯುತ್ತವೆ, ಅವು ಬರೆದಾಗಿದೆ.

ಪ್ರಶ್ನೆ ಕೇಳಿದವರು

ಸಾಲು ಕಳಿಸಿದ್ದೇನೆ. ಅವರ ಸ್ಕ್ಯಾನರ್ ನೋಡುವ ಹುಡುಗ ಗುರುವಾರ ಬರುತ್ತಾನಂತೆ. ನಸೀಬಕ್ಕೆ ಸಿಯಲ್ಲಿ ಬೋರ್ 62 ಎಂಎಂ, ಡಿಯಲ್ಲಿ 62.5. ಸಣ್ಣದೇ ಹೊಡೆದಿದ್ದೇವೆ, ಮತ್ತೆ ಕಟ್ಟಿ ಅರ್ಧ ಎಂಎಂ ತೆಗೆಯಬಹುದು. ಉಲ್ಟಾ ಆಗಿದ್ದರೆ 18 ಕಾಸ್ಟಿಂಗೂ ಗುಜರಿಗೆ. ಇವತ್ತಿನಿಂದ ಎರಡೂ ಕಾಲಂ ಇಟ್ಟಿದ್ದೇನೆ. ಮೇಲ್ ಯಾವ ಸಾಲಿನಲ್ಲೇ ಇರಲಿ, ಡ್ರಾಯಿಂಗ್ ಮೂಲೆಯ ರಿವಿಜನ್ ಅಕ್ಷರ ನೋಡದೆ ಮಷಿನ್ ಚಾಲೂ ಮಾಡಬೇಡ ಅಂತ ಹುಡುಗನಿಗೂ ಹೇಳಿದ್ದೇನೆ. ಚಹಾ ಕೊಡಿಸಿ ಸಮಾಧಾನ ಮಾಡಿದ್ದೂ ಆಯಿತು.